ದುಬೈಗೆ ಮಾಲು ಕಳಿಸುವಾಗ ಎಲ್‌ಸಿ ಬಂದರೆ ರೊಕ್ಕ ಪಕ್ಕಾನಾ?

"ವಿಜಯಪುರದಿಂದ ದುಬೈಗೆ ಮೊದಲ ಸಲ ಒಣದ್ರಾಕ್ಷಿ ಕಳಿಸ್ತಿದ್ದೀನಿ. ಪಾರ್ಟಿ ಎಲ್‌ಸಿ ಕೊಡ್ತೀನಿ ಅಂತಾರ. ಎಲ್‌ಸಿ ಬಂದ್ರ ರೊಕ್ಕ ಪಕ್ಕಾ ಅಲ್ವಾ? ಇಲ್ಲಾ ಬ್ಯಾಂಕ್ ಗ್ಯಾರಂಟಿ ಕೇಳಲಾ?"

ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಷರತ್ತಿನಂತೆ ಕಾಗದ ಕೊಟ್ಟರೆ ರೊಕ್ಕ ಕೊಡ್ತೀನಿ ಅಂತ ಪಾರ್ಟಿಯ ಬ್ಯಾಂಕ್ ಬರೆದುಕೊಡುವ ಮಾತು. ಪಕ್ಕಾ ಅಂತ ನಾನೂ ತಿಳ್ಕೊಂಡಿದ್ದೆ. ನಮ್ಮದೂ ಒಣದ್ರಾಕ್ಷಿನೇ. ಹತ್ತು ಕೆಜಿಯ 1,800 ಬಾಕ್ಸ್, ಒಂದು ಕಂಟೇನರ್, 36,000 ಡಾಲರ್. ಮಾಲು ಹಡಗೇರಲು ಎಲ್‌ಸಿಯಲ್ಲಿ ಕೊನೆಯ ದಿನ ಮಾರ್ಚ್ 20. ಕಂಟೇನರ್ 17ಕ್ಕೇ ನ್ಹಾವಾ ಶೇವಾ ಬಂದರಿನ ಗೇಟು ದಾಟಿತ್ತು. ಇನ್ನೂ ಮೂರು ದಿನ ಇದೆ ಅಂತ ನಾನು ನಿರಾಳ.

ಕೆಟ್ಟಿದ್ದು ಅಲ್ಲೇ. ಬ್ಯಾಂಕಿಗೆ ಗೇಟಿನ ತಾರೀಕು ಬೇಕಿಲ್ಲ. ಮಾಲಿಗೆ ಹಡಗು ಕಂಪನಿ ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್ ಮೇಲೆ ಬೀಳುವ 'ಶಿಪ್ಡ್ ಆನ್ ಬೋರ್ಡ್' ತಾರೀಕು, ಅಂದರೆ ಮಾಲು ಹಡಗಿನ ಮೇಲೆ ಏರಿದ ದಿನ, ಅದೊಂದೇ ಲೆಕ್ಕಕ್ಕೆ. ಹಡಗು ತಡವಾಯಿತು, ಕಂಟೇನರ್ ಯಾರ್ಡಿನಲ್ಲೇ ಕೂತಿತು, ಬಿಲ್ಲಿನ ಮೇಲೆ 22 ಬಿತ್ತು. ತಪ್ಪು ನನ್ನದಲ್ಲ, ಹಡಗಿನದು ಅಂತ ಬ್ಯಾಂಕಿಗೆ ಹೇಳಿ ಉಪಯೋಗವಿಲ್ಲ. ಎಲ್‌ಸಿಗೆ ಬ್ಯಾಂಕುಗಳು ಪಾಲಿಸುವ ಯುಸಿಪಿ 600 ನಿಯಮದಂತೆ ಬ್ಯಾಂಕ್ ನೋಡುವುದು ಕಾಗದ, ಮಾಲಲ್ಲ. ಎಲ್‌ಸಿ ತೆರೆದ ಬ್ಯಾಂಕಿಗೆ ಕಾಗದ ನೋಡಲು ಐದು ಬ್ಯಾಂಕಿಂಗ್ ದಿನ. ಅಷ್ಟರೊಳಗೇ 'ಲೇಟ್ ಶಿಪ್‌ಮೆಂಟ್' ಅಂತ ವಾಪಸ್ ಸಂದೇಶ ಬಂತು. ಪಾರ್ಟಿ ಒಪ್ಪಿದರೆ ಬ್ಯಾಂಕ್ ರೊಕ್ಕ ಕೊಡಬಹುದು. ಒಪ್ಪೋಕೆ ಪಾರ್ಟಿ ಶೇಕಡಾ 7 ರಿಯಾಯಿತಿ ಕೇಳಿದ. ಮಾಲು ಅಲ್ಲಿನ ಬಂದರಿನಲ್ಲಿ ಬಾಡಿಗೆ ತಿನ್ನುತ್ತಿತ್ತು. 2,520 ಡಾಲರ್ ಬಿಟ್ಟುಕೊಟ್ಟೆ.

ಹಡಗು ತಡ ಅಂತ ಗೊತ್ತಾದ ಕೂಡಲೇ ಪಾರ್ಟಿಯಿಂದ ಅವರ ಬ್ಯಾಂಕಿಗೆ ಅರ್ಜಿ ಹಾಕಿಸಿ ಎಲ್‌ಸಿ ತಿದ್ದುಪಡಿ ತರಿಸಿಕೊಳ್ಳಬೇಕಿತ್ತು. ನನ್ನ ಬಳಿ ಇದ್ದದ್ದು ವಾಟ್ಸಾಪ್‌ನಲ್ಲಿ 'ನೋ ಪ್ರಾಬ್ಲಂ ಭಾಯ್' ಅಷ್ಟೇ.

ಹಾಗಾಗಿ ಎಲ್‌ಸಿಯೋ ಗ್ಯಾರಂಟಿಯೋ ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು. ಮಾಲು ಪ್ಯಾಕ್ ಮಾಡುವ ಮೊದಲು ಎಲ್‌ಸಿಯ ಡ್ರಾಫ್ಟ್ ತರಿಸಿ ಮೂರು ಕಡೆ ಬೆರಳಿಡಿ. 44C ಅನ್ನುವ ಕಲಂ ಮುಂದೆ ಹಡಗೇರುವ ಕೊನೆಯ ದಿನ ಇರುತ್ತದೆ; ಅದು ಹಡಗಿನ ನಿಗದಿತ ದಿನ ಕಳೆದು ಎರಡು ವಾರವಾದರೂ ಆಮೇಲೆ ಇರಲಿ. 31D ಮುಂದೆ ಎಲ್‌ಸಿ ಮುಗಿಯುವ ದಿನದ ಜೊತೆ, ಅಷ್ಟರೊಳಗೆ ಕಾಗದ ತಲುಪಬೇಕಾದ ಊರೂ ಇರುತ್ತದೆ. ದುಬೈ ಅಂತ ಇದ್ದರೆ ನಿಮ್ಮ ಕೊರಿಯರ್ ತಡವಾದದ್ದೂ ನಿಮ್ಮ ತಲೆಗೇ, ಭಾರತ ಅಂತ ಮಾಡಿಸಿ. 48ರಲ್ಲಿ ಹಡಗೇರಿದ ಮೇಲೆ ಕಾಗದ ಕೊಡಲು ಎಷ್ಟು ದಿನ ಅಂತಿರುತ್ತದೆ, ಬರೆದಿರದಿದ್ದರೆ 21. ಯಾವುದೇ ಕಾಗದಕ್ಕೆ ಪಾರ್ಟಿಯ ಸಹಿ ಬೇಕು ಅಂತಿದ್ದರೆ ಆ ಷರತ್ತು ತೆಗೆಸಿ, ಅದಿದ್ದರೆ ಕೀಲಿ ಅವರ ಕೈಲೇ.

ಬ್ಯಾಂಕ್ ಗ್ಯಾರಂಟಿ ಮೊದಲ ಕಂಟೇನರಿಗೆ ಬೇಡ. ಅದು ಪಾರ್ಟಿ ರೊಕ್ಕ ಕೊಡದಿದ್ದಾಗ ಮಾತ್ರ ಎಬ್ಬಿಸುವ ಕಾಗದ. ತಿಂಗಳಾ ತಿಂಗಳಾ ಉದ್ದರಿ ಮಾಲು ಹೋಗುವಾಗ ಸರಿ. ಆಗ ಅದರ ಅವಧಿ ಕೊನೆಯ ಇನ್‌ವಾಯ್ಸಿನ ವಾಯಿದೆ ದಾಟಿ ಇನ್ನೊಂದು ತಿಂಗಳಿರಲಿ.