ಓಎಇ ಪಾಸ್ ಆದ ಮಗುವಿಗೂ ಬೆರಾ ಏಕೆ?

«ಮಗಳಿಗೆ 14 ತಿಂಗಳು. ಹುಟ್ಟಿದಾಗ ಕಾಮಾಲೆ ಹೆಚ್ಚಾಗಿ ರಕ್ತ ಬದಲಾಯಿಸಿದ್ದರು. ಆಗ ಕಿವಿಯ ಓಎಇ ಪರೀಕ್ಷೆ ಪಾಸ್ ಆಗಿತ್ತು. ಈಗ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಬಾಗಿಲು ಬಡಿದರೆ ಬೆಚ್ಚುತ್ತಾಳೆ. ಡಾಕ್ಟರು ಬೆರಾ ಬರೆದುಕೊಟ್ಟಿದ್ದಾರೆ, ಔಷಧಿ ಕೊಟ್ಟು ಮಲಗಿಸಬೇಕಂತೆ. ಪಾಸ್ ಆದ ಮೇಲೂ ಇದು ಬೇಕಾ? ಬೆರಾ ಒಂದು ಮಾಡಿಸಿದರೆ ಸಾಕಾ?»

ಬೇಕು, ತಡಮಾಡದೆ ಮಾಡಿಸಿ. ಆದರೆ ಅದೊಂದೇ ಸಾಲದು. ನಾನು ಶ್ರವಣತಜ್ಞೆ, ಮಕ್ಕಳ ಕಿವಿ ಪರೀಕ್ಷೆಯೇ ನನ್ನ ದಿನನಿತ್ಯದ ಕೆಲಸ. ನೀವು ಬರೆದದ್ದರಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ರಕ್ತ ಬದಲಾಯಿಸಿದ ವಿಷಯ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರ ಹೊರಸಾಲಿನ ರೋಮಕೋಶಗಳು ಶಬ್ದ ತಾಗಿದೊಡನೆ ಹಿಗ್ಗಿ ಕುಗ್ಗುತ್ತವೆ, ಮತ್ತು ಆ ಚಲನೆಯಿಂದ ಹುಟ್ಟುವ ಅತಿ ಸಣ್ಣ ಸದ್ದು ಕಿವಿತಮಟೆಯನ್ನು ದಾಟಿ ಹೊರಗೆ ಬರುತ್ತದೆ. ಇದನ್ನು 1978ರಲ್ಲಿ ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿಕೊಟ್ಟರು. ಓಎಇ ಯಂತ್ರ ಕಿವಿಯೊಳಗೆ ಇಟ್ಟ ಪುಟ್ಟ ಮೈಕಿನಿಂದ ಹಿಡಿಯುವುದು ಆ ಸದ್ದನ್ನೇ. ಮಗು ಸುಮ್ಮನಿದ್ದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಆದ್ದರಿಂದ ನವಜಾತ ಶಿಶುಗಳಿಗೆ ಇದನ್ನೇ ಮೊದಲು ಮಾಡುತ್ತಾರೆ. ಆದರೆ «ಪಾಸ್» ಎಂದರೆ ಆ ದಿನ ಆ ಕೋಶಗಳು ಕೆಲಸ ಮಾಡುತ್ತಿದ್ದವು ಎಂದಷ್ಟೇ ಅರ್ಥ. ಅಲ್ಲಿಂದ ಮುಂದೆ ಶಬ್ದ ನರದ ದಾರಿ ಹಿಡಿದು ಮಿದುಳಿಗೆ ಮುಟ್ಟಿತೇ ಎಂಬುದನ್ನು ಅದು ಹೇಳುವುದಿಲ್ಲ. ಕಾಮಾಲೆಯ ಬಿಲಿರುಬಿನ್ ಮಿತಿ ಮೀರಿದಾಗ ಹಲವು ಸಲ ರೋಮಕೋಶಗಳನ್ನು ಬಿಟ್ಟು ನರದ ದಾರಿಯನ್ನೂ ಮಿದುಳುಕಾಂಡದಲ್ಲಿರುವ ಶ್ರವಣದ ಕೇಂದ್ರಗಳನ್ನೂ ಹಾಳುಮಾಡುತ್ತದೆ. ಹಾಗಾಗಿಯೇ ರಕ್ತ ಬದಲಾಯಿಸಿಕೊಂಡ ಮಕ್ಕಳಿಗೆ ಹುಟ್ಟಿದ ಹೊಸದರಲ್ಲಿಯೇ ಮಿದುಳುಕಾಂಡದ ಪರೀಕ್ಷೆಯಾದ ಬೆರಾವನ್ನೂ ಮಾಡಬೇಕು ಎನ್ನುವುದು.

ಬೆರಾ ಮಾಡುವಾಗ ಹಣೆಗೂ ಎರಡೂ ಕಿವಿಗಳ ಹಿಂದಿನ ಮೂಳೆಯ ಮೇಲೂ ಚರ್ಮವನ್ನು ಮರಳುಮರಳಾದ ಪೇಸ್ಟಿನಿಂದ ಉಜ್ಜಿ ಎಲೆಕ್ಟ್ರೋಡ್ ಅಂಟಿಸುತ್ತೇವೆ, ಕಿವಿಗೆ ಟಕಟಕ ಶಬ್ದ ಕೊಡುತ್ತೇವೆ. ಶಬ್ದ ಕೇಳಿದ 10 ಮಿಲಿಸೆಕೆಂಡಿನೊಳಗೆ ನರ ಮತ್ತು ಮಿದುಳುಕಾಂಡದಿಂದ ಐದು ಅಲೆಗಳು ಪರದೆಯ ಮೇಲೆ ಮೂಡುತ್ತವೆ. ಶಬ್ದವನ್ನು ಇಳಿಸುತ್ತ ಹೋದಂತೆ ಉಳಿದ ಅಲೆಗಳು ಕರಗಿದರೂ ಐದನೆಯದು ಕೊನೆಯವರೆಗೆ ನಿಲ್ಲುತ್ತದೆ; ಅದು ಎಲ್ಲಿ ಮಾಯವಾಗುತ್ತದೆಯೋ ಅದರಿಂದ ಕೇಳುವಿಕೆಯ ಮಟ್ಟವನ್ನು ಅಂದಾಜಿಸುತ್ತೇವೆ. ಈ ಅಲೆಗಳು ಎಷ್ಟು ಸಣ್ಣವೆಂದರೆ ಮಗು ಚೀಪಿದರೂ ಕತ್ತು ಹೊರಳಿಸಿದರೂ ಸ್ನಾಯುಗಳ ವಿದ್ಯುತ್ತಿನಲ್ಲಿ ಮುಚ್ಚಿಹೋಗುತ್ತವೆ, ಆದ್ದರಿಂದಲೇ ನಿದ್ದೆ ಬೇಕು. ಆರು ತಿಂಗಳೊಳಗಿನ ಕೂಸು ಹಾಲು ಕುಡಿದು ತಾನಾಗಿ ಮಲಗುತ್ತದೆ. 14 ತಿಂಗಳ ಮಗು ಸಾಮಾನ್ಯವಾಗಿ ಮಲಗುವುದಿಲ್ಲ. ಔಷಧಿಯನ್ನು ತೂಕ ನೋಡಿ ಆಸ್ಪತ್ರೆಯಲ್ಲಿಯೇ ವೈದ್ಯರ ಎದುರು ಕೊಡಿಸಿ. ಮಗುವಿಗೆ ನೆಗಡಿ ಅಥವಾ ಗೊರಕೆ ಇದ್ದರೆ ಮೊದಲೇ ತಿಳಿಸಿ. ಅಂದು ಬೆಳಗ್ಗೆ ಬೇಗ ಎಬ್ಬಿಸಿ, ಬರುವ ದಾರಿಯಲ್ಲಿ ನಿದ್ದೆ ಮಾಡಲು ಬಿಡಬೇಡಿ.

ನಿಮ್ಮ ಮಗಳಂತೆಯೇ ಕಾಮಾಲೆಯ ಹಿನ್ನೆಲೆಯಿದ್ದ ಒಬ್ಬ ಹುಡುಗನನ್ನು 11 ತಿಂಗಳಿದ್ದಾಗ ನಾನು ಪರೀಕ್ಷಿಸಿದ್ದೆ. ಎರಡೂ ಕಿವಿಗಳಲ್ಲಿ ಓಎಇ ಚೆನ್ನಾಗಿಯೇ ಬಂತು. ಬೆರಾದಲ್ಲಿ ಮಾತ್ರ 90 ಡೆಸಿಬೆಲ್ ಕೊಟ್ಟರೂ ಐದನೆಯ ಅಲೆಯ ಸುಳಿವಿರಲಿಲ್ಲ. ಗೆರೆಯ ಆರಂಭದಲ್ಲಷ್ಟೇ ಒಂದಿಷ್ಟು ಏರಿಳಿತ ಇತ್ತು. ಟಕಟಕದ ಧ್ರುವವನ್ನು, ಅಂದರೆ ಅದು ಕಿವಿತಮಟೆಯನ್ನು ಮೊದಲು ಒಳಗೆ ತಳ್ಳುವುದೋ ಹೊರಗೆ ಎಳೆಯುವುದೋ ಎಂಬುದನ್ನು, ಬದಲಿಸಿದಾಗ ಆ ಏರಿಳಿತವೂ ಕನ್ನಡಿಯ ಬಿಂಬದಂತೆ ತಲೆಕೆಳಗಾಯಿತು. ನರದಿಂದ ಬರುವ ಅಲೆ ಹೀಗೆ ಮಗುಚುವುದಿಲ್ಲ, ಕಾಕ್ಲಿಯಾದ ವಿದ್ಯುತ್ತು ಮಗುಚುತ್ತದೆ. ಯಂತ್ರದ ಗೋಜಲು ಇರಬಹುದೆಂದು ಶಬ್ದ ಹೋಗುವ ಕೊಳವೆಯನ್ನು ಚಿಮುಟಿ ಹಿಡಿದು ಮತ್ತೆ ನೋಡಿದೆ, ಗೆರೆ ಸಪಾಟಾಯಿತು. ಅಂದರೆ ಅದು ಕಿವಿಯಿಂದಲೇ ಬರುತ್ತಿತ್ತು. ರೋಮಕೋಶ ಸರಿಯಿದೆ, ಶಬ್ದದ ಸಂಕೇತ ನರದಲ್ಲಿ ಒಂದೇ ತಾಳದಲ್ಲಿ ಸಾಗುತ್ತಿಲ್ಲ: ಇದನ್ನು ಆಡಿಟರಿ ನ್ಯೂರೋಪತಿ ಎನ್ನುತ್ತೇವೆ.

ಇಲ್ಲಿಯೇ ದೊಡ್ಡ ತಪ್ಪು ನಡೆಯುವುದು. ವರದಿಯಲ್ಲಿ «90 ಡೆಸಿಬೆಲ್‌ಗೂ ಪ್ರತಿಕ್ರಿಯೆ ಇಲ್ಲ» ಎಂದು ಓದಿದ ಆ ತಂದೆತಾಯಿ ಮಗು ಪೂರ್ತಿ ಕಿವುಡು ಎಂದು ತಿಳಿದು ಕಂಗಾಲಾಗಿದ್ದರು. ಓಎಇಯೂ ಬಾರದೆ ಬೆರಾವೂ ಬಾರದಿದ್ದರೆ ತೀವ್ರ ದೋಷವೆಂದು ಬಹುಮಟ್ಟಿಗೆ ಹೇಳಬಹುದು, ಆದರೆ ನ್ಯೂರೋಪತಿಯಲ್ಲಿ ಬೆರಾ ಕೇಳುವಿಕೆಯ ಮಟ್ಟವನ್ನು ಹೇಳಲಾರದು. ಅದನ್ನು ಮಗುವೇ ತೋರಿಸಿಕೊಡಬೇಕು. ಸುಮಾರು ಆರು ತಿಂಗಳಿಂದ ಎರಡೂವರೆ ವರ್ಷದವರೆಗೆ ಅದಕ್ಕೆ ಇರುವ ದಾರಿ ವಿಆರ್‌ಎ, ಅಂದರೆ ಶಬ್ದ ಬಂದ ಕಡೆಗೆ ಮಗು ಕತ್ತು ತಿರುಗಿಸಿದೊಡನೆ ದೀಪ ಹತ್ತಿ ಗೊಂಬೆ ಕುಣಿಯುವ ಪರೀಕ್ಷೆ. 13 ತಿಂಗಳಿಗೆ ಆ ಹುಡುಗ ತಾಯಿಯ ತೊಡೆಯ ಮೇಲೆ ಕುಳಿತು 40ರಿಂದ 50 ಡೆಸಿಬೆಲ್‌ಗೆ ತಿರುಗಿದ. ಇನ್ನೊಂದು ದಿನ ಅಷ್ಟೇ ಶಬ್ದಕ್ಕೆ ತಿರುಗಲಿಲ್ಲ. ಈ ತೊಂದರೆಯಲ್ಲಿ ದಿನದಿಂದ ದಿನಕ್ಕೆ ಏರುಪೇರು ಇರುವುದುಂಟು, ಅದಕ್ಕೇ ಒಂದು ಭೇಟಿಯನ್ನು ನಂಬಿ ಶ್ರವಣಯಂತ್ರದ ಪ್ರಮಾಣವನ್ನು ನಿಗದಿ ಮಾಡಬಾರದು.

ಎರಡು ವರ್ಷ ಹತ್ತು ತಿಂಗಳಿಗೆ ಅವನಿಗೆ ಆಟದ ಆಡಿಯೋಮೆಟ್ರಿ ಮಾಡಿದೆವು. ಶಬ್ದ ಕೇಳಿದಾಗ ಒಂದು ಮರದ ಬಳೆಯನ್ನು ಕೋಲಿಗೆ ಪೋಣಿಸಬೇಕು. ಮೊದಲು ನಾನೇ ಅವನ ಕೈ ಹಿಡಿದು, ಸ್ಪಷ್ಟವಾಗಿ ಕೇಳುವ ಶಬ್ದಕ್ಕೆ ನಾಲ್ಕೈದು ಸಲ ಮಾಡಿಸಿ ಬಿಟ್ಟೆ. ಆಮೇಲೆ ಅವನು ಬಳೆಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ಕಾಯತೊಡಗಿದ. ಕೇಳಿದರೆ ಶಬ್ದವನ್ನು 10 ಡೆಸಿಬೆಲ್ ಇಳಿಸುವುದು, ಕೇಳದಿದ್ದರೆ 5 ಏರಿಸುವುದು, ಹೀಗೆ ಅಂಚನ್ನು ಹುಡುಕುವುದು. ನಡುನಡುವೆ ಬೇಕೆಂದೇ ಶಬ್ದ ಕೊಡದೆ ಸುಮ್ಮನಿರುತ್ತೇನೆ. ಆಗಲೂ ಬಳೆ ಹಾಕಿದರೆ ಮಗು ಕೇಳಿ ಆಡುತ್ತಿಲ್ಲ, ಲಯ ಹಿಡಿದು ಆಡುತ್ತಿದೆ ಎಂದು ಗೊತ್ತಾಗುತ್ತದೆ, ಆ ಅಂಕಿಗಳನ್ನು ಬಿಟ್ಟುಬಿಡಬೇಕು. ಮಗು ಯಾವಾಗ ಬೇಸತ್ತು ಏಳುತ್ತದೆಯೋ ಹೇಳಲಾಗದ ಕಾರಣ ಮೊದಲು 2000 ಹರ್ಟ್ಸ್, ನಂತರ 500 ಹರ್ಟ್ಸ್, ಎರಡೂ ಕಿವಿಗಳಿಗೆ ನೋಡಿಕೊಂಡು ಉಳಿದದ್ದನ್ನು ಆಮೇಲೆ ತುಂಬುತ್ತೇನೆ. ಅವನ ಮಟ್ಟ 35ರಿಂದ 45ರ ನಡುವೆ ನಿಂತಿತು. ಆದರೆ «ಹಾಲು», «ಬಾಳೆ», «ಕಾಲು» ಎಂದರೆ ಚಿತ್ರ ತೋರಿಸುವಾಗ ತಡವರಿಸಿದ; ಶಬ್ದ ಕೇಳುತ್ತಿತ್ತು, ಮಾತು ಬಿಡಿಸಿಕೊಳ್ಳುತ್ತಿರಲಿಲ್ಲ. ಶ್ರವಣಯಂತ್ರ ಹಾಕಿಯೂ ಮಾತು ಬೆಳೆಯದ್ದನ್ನು ನೋಡಿ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಯೋಚಿಸಲು ಶುರುಮಾಡಿದ್ದು ಆ ಚಿತ್ರಗಳ ಪರೀಕ್ಷೆಯ ನಂತರ.

ನಿಮ್ಮ ಮಗಳಿಗೂ ಇದೇ ಇದೆ ಎಂದು ನಾನು ಹೇಳುತ್ತಿಲ್ಲ. ಕಿವಿತಮಟೆಯ ಹಿಂದೆ ನೀರು ತುಂಬಿರಬಹುದು, ಅಥವಾ ಹುಟ್ಟಿದ ಮೇಲೆ ಬಂದ ದೋಷವಿರಬಹುದು. ಬಾಗಿಲಿನ ಸದ್ದಿಗೆ ಬೆಚ್ಚುವುದನ್ನು ಮಾತ್ರ ಸಮಾಧಾನವೆಂದು ತಿಳಿಯಬೇಡಿ. ಅದು ಜೋರಾದ ಸದ್ದು, ಜೊತೆಗೆ ಅದರ ಅದುರು ಮೈಗೂ ತಾಗುತ್ತದೆ. ಹೋದಾಗ ಮೊದಲು ಕಿವಿತಮಟೆ ಸರಿಯಾಗಿ ಅಲುಗುತ್ತದೆಯೇ ಎಂದು ನೋಡುವ ಟಿಂಪನೋಮೆಟ್ರಿ ಮಾಡಿಸಿ, ಅದೇ ದಿನ ಓಎಇಯನ್ನೂ ಮತ್ತೆ ಮಾಡಲು ಕೇಳಿಕೊಳ್ಳಿ, ಹಳೆಯ ಪಾಸ್ ಕಾಗದ ಇಂದಿನದಾಗುವುದಿಲ್ಲ. ಬೆರಾದಲ್ಲಿ ಅಲೆ ಬಾರದಿದ್ದರೆ «ಎರಡೂ ಧ್ರುವಗಳಲ್ಲಿ ನೋಡಿದಿರಾ» ಎಂದು ಕೇಳಿ, ಮತ್ತು ವಿಆರ್‌ಎಗೆ ದಿನ ಗೊತ್ತುಮಾಡಿಕೊಂಡೇ ಹೊರಡಿ. ನಿಮ್ಮೂರಲ್ಲಿ ವಿಆರ್‌ಎ ಇಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ವಿಚಾರಿಸಬಹುದು. ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿಯನ್ನು ಮರೆಯದೆ ಒಯ್ಯಿರಿ, ಅದರಲ್ಲಿ ಬಿಲಿರುಬಿನ್ ಎಷ್ಟಿತ್ತೆಂಬುದು ಬರೆದಿರುತ್ತದೆ.