ಒಂಬತ್ತು ದಿನದ ಹಬ್ಬ, ಮೂರು ತಿಂಗಳ ವರದಿ

"ಸರ್, ಸಾಗರದ ಒಂದು ಉಪ್ಪಿನಕಾಯಿ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ಬರೆಯುವುದನ್ನು ಸರಿಯಾಗಿ ಕಲಿಯಬೇಕೆಂಬ ಆಸೆ. 2025ರ ಜುಲೈ–ಸೆಪ್ಟೆಂಬರ್ ವರದಿ ಕಳಿಸಿದ್ದೇನೆ. ಹಿಂದಿನ ಎರಡು ವರದಿ ಓದಿ ನಮ್ಮ ಡೈರೆಕ್ಟರ್ 'ಎಂತದೂ ಅರ್ಥ ಆಗ್ಲಿಲ್ಲ ಮಾರಾಯ್ತಿ' ಅಂದರು. ಅವರು ಅಡಿಕೆ ಬೆಳೆಗಾರರು, ಮಾರ್ಕೆಟಿಂಗ್ ಗೊತ್ತಿಲ್ಲ. ಭಾಷೆ ಸರಳ ಮಾಡಿಕೊಡುತ್ತೀರಾ?"

ತೊಂದರೆ ಇರುವುದು ಭಾಷೆಯಲ್ಲಲ್ಲ. ರೀಚ್, ಎಂಗೇಜ್‌ಮೆಂಟ್ ಎಲ್ಲ ತೆಗೆದು ತಿಳಿಗನ್ನಡ ಮಾಡಿಕೊಟ್ಟರೂ ಅವರು ಮತ್ತೆ ಅದೇ ಮಾತು ಹೇಳುತ್ತಾರೆ. ನಿಮ್ಮ ಮೊದಲ ಪ್ಯಾರಾವನ್ನೇ ನೋಡಿ:

"ಈ ತ್ರೈಮಾಸಿಕದಲ್ಲಿ 24 ರೀಲ್ಸ್ ಮಾಡಲಾಯಿತು. ರೀಚ್ ದುಪ್ಪಟ್ಟಾಗಿದೆ. ಆರ್‌ಒಎಎಸ್ 4.2ಕ್ಕೆ ತಲುಪಿದೆ. ರೀಲ್ಸ್ ಅಭಿಯಾನದ ಫಲವಾಗಿ ಆನ್‌ಲೈನ್ ಮಾರಾಟ 25% ಹೆಚ್ಚಿದೆ. ಮುಂದಿನ ದಿನಗಳಲ್ಲಿ ಬ್ರ್ಯಾಂಡ್ ಅವೇರ್‌ನೆಸ್ ಇನ್ನಷ್ಟು ಬಲಪಡಿಸಲಾಗುವುದು."

ಇದರಲ್ಲಿ ಒಂದೇ ಒಂದು ರೂಪಾಯಿ ಇಲ್ಲ. ಮಾರಾಟ 20 ಲಕ್ಷ, ಹೋದ ವರ್ಷ ಇದೇ ಮೂರು ತಿಂಗಳಲ್ಲಿ 16 ಲಕ್ಷ, ಗುರಿ 18 ಲಕ್ಷ ಅನ್ನುವುದು ಮೂರನೇ ಪುಟದ ಕೋಷ್ಟಕದಲ್ಲಿ ಅಡಗಿ ಕೂತಿದೆ. ಅದನ್ನು ಎತ್ತಿ ಮೊದಲ ಸಾಲಿಗೆ ತನ್ನಿ. ಎಷ್ಟು ರೀಲ್ಸ್ ಮಾಡಿದಿರಿ ಅನ್ನುವುದು ನೀವು ಪಟ್ಟ ಶ್ರಮ. ಅವರು ಕೇಳುತ್ತಿರುವುದು ಬಂದ ಫಸಲು. ಇಷ್ಟು ಸುಲಭದ ತಿದ್ದುಪಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು "ರೀಲ್ಸ್ ಅಭಿಯಾನದ ಫಲವಾಗಿ" ಅನ್ನುವ ಮಾತು. ನೀವು ಕೊನೆಗೆ ಲಗತ್ತಿಸಿದ ದಿನವಹಿ ಮಾರಾಟದ ಪಟ್ಟಿಯನ್ನು ನಾನು ಸೆಪ್ಟೆಂಬರ್ 21ಕ್ಕೆ ಕತ್ತರಿಸಿ ಕೂಡಿಸಿ ನೋಡಿದೆ. ಜುಲೈ 1ರಿಂದ ಅಲ್ಲಿಯವರೆಗೆ ಹೋದ ವರ್ಷ 14.2 ಲಕ್ಷ, ಈ ವರ್ಷ 14.6 ಲಕ್ಷ. ಅಂದರೆ ಹನ್ನೆರಡು ವಾರದಲ್ಲಿ ಹೆಚ್ಚಾದದ್ದು ಬರೀ 40 ಸಾವಿರ. ಉಳಿದ 3.6 ಲಕ್ಷದ ಏರಿಕೆ ಪೂರ್ತಿ ಸೆಪ್ಟೆಂಬರಿನ ಕೊನೆಯ ಒಂಬತ್ತು ದಿನದಲ್ಲಿ ಬಂದಿದೆ.

ಆ ಒಂಬತ್ತು ದಿನದಲ್ಲಿ ಏನಿತ್ತು? ನವರಾತ್ರಿ. 2024ರಲ್ಲಿ ಅದು ಶುರುವಾದದ್ದು ಅಕ್ಟೋಬರ್ 3ಕ್ಕೆ, 2025ರಲ್ಲಿ ಸೆಪ್ಟೆಂಬರ್ 22ಕ್ಕೆ. ಹೋದ ವರ್ಷ ಅಕ್ಟೋಬರ್–ಡಿಸೆಂಬರ್ ಲೆಕ್ಕಕ್ಕೆ ಸೇರಿದ್ದ ದಸರಾ ಆರ್ಡರುಗಳು ಈ ವರ್ಷ ನಿಮ್ಮ ಲೆಕ್ಕಕ್ಕೆ ಜಾರಿ ಬಂದಿವೆ. ನಮ್ಮ ಬಹುತೇಕ ಹಬ್ಬಗಳು ಚಾಂದ್ರಮಾನದಲ್ಲಿ ನಡೆಯುತ್ತವೆ, ನಿಮ್ಮ ವರದಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ. "ಹೋದ ವರ್ಷದ ಇದೇ ಅವಧಿ" ಅಂತ ಬರೆಯುವ ಮೊದಲು ಎರಡೂ ವರ್ಷದ ಪಂಚಾಂಗ ಪಕ್ಕಪಕ್ಕ ಇಟ್ಟುಕೊಳ್ಳಬೇಕು.

ಇನ್ನೊಂದು ವಿಷಯವನ್ನೂ ಬಿಡುವಂತಿಲ್ಲ. ಅನೇಕ ವಸ್ತುಗಳ ತೆರಿಗೆ ಇಳಿಸಿದ ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದದ್ದೂ ಅದೇ ಸೆಪ್ಟೆಂಬರ್ 22ರಂದು. ಹಾಗಾದರೆ ಮಾರಾಟ ಏರಿದ್ದು ಹಬ್ಬಕ್ಕೋ, ಬೆಲೆ ಇಳಿದದ್ದಕ್ಕೋ? ನಿಮ್ಮ ಪಟ್ಟಿಯಲ್ಲೇ ಸುಳಿವಿದೆ. ಆ ದಿನಗಳ 5.4 ಲಕ್ಷದಲ್ಲಿ 3.9 ಲಕ್ಷ ಬಂದದ್ದು ಅಪ್ಪೆಮಿಡಿ, ಜೋನಿಬೆಲ್ಲದ ಗಿಫ್ಟ್ ಬಾಕ್ಸುಗಳಿಂದ, ಅವುಗಳ ಬೆಲೆಯನ್ನು ನೀವು ಇಳಿಸಿಯೇ ಇಲ್ಲ. ಬಿಡಿ ಜಾಡಿಗಳ ಮಾರಾಟ ಹೆಚ್ಚು ಕಮ್ಮಿ ಇದ್ದಲ್ಲೇ ಇದೆ. ಆದ್ದರಿಂದ "ಹಬ್ಬವೇ ಮುಖ್ಯ ಕಾರಣ" ಎಂದು ಬರೆಯಬಹುದು. "ಹಬ್ಬವೊಂದೇ ಕಾರಣ" ಎಂದು ಬರೆಯಲಾಗದು.

ಇದು ಡೈರೆಕ್ಟರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅಳುಕು ಬೇಡ. ಅವರು ತೋಟದವರು. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಸಿ, ಆ ವರ್ಷ ಕೊಳೆ ರೋಗ ಬರದೇ ಇದ್ದರೆ, ಅದು ಮೈಲುತುತ್ತದ ಗುಣವೋ, ಆಷಾಢದಲ್ಲಿ ಮಳೆ ಹೊಳವು ಕೊಟ್ಟ ಗುಣವೋ ಎಂದು ಯೋಚಿಸಿಯೇ ಅಭ್ಯಾಸ ಅವರಿಗೆ. ಪಕ್ಕದ, ಹೊಡೆಸದ ತೋಟದಲ್ಲಿ ಹೇಗಿದೆ ಎಂದು ಇಣುಕಿ ನೋಡಿ ತೀರ್ಮಾನಕ್ಕೆ ಬರುವವರು ಅವರು. ಕಾರಣ ತೂಗಿ ನೋಡುವುದರಲ್ಲಿ ಅವರು ನಿಮಗಿಂತ ಪಳಗಿದವರು. ಕಾರಣವನ್ನು ಅವರ ಮುಂದೆ ಬಿಚ್ಚಿಡದೆ ಇದ್ದುದಕ್ಕೇ "ಎಂತದೂ ಅರ್ಥ ಆಗ್ಲಿಲ್ಲ" ಅಂದಿದ್ದಾರೆ.

ಇನ್ನು ಆ ಆರ್‌ಒಎಎಸ್ 4.2. "ಜಾಹೀರಾತಿನ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಇಪ್ಪತ್ತು ಪೈಸೆಯ ಮಾರಾಟ" ಎಂದು ಬಿಡಿಸಿ ಬರೆದರೂ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ. 2 ಲಕ್ಷ ಜಾಹೀರಾತಿಗೆ 8.4 ಲಕ್ಷ ಬಂತು ಅನ್ನುತ್ತೀರಿ, ಒಟ್ಟು ಹೆಚ್ಚಾದದ್ದೇ 4 ಲಕ್ಷ, ಉಳಿದದ್ದು ಎಲ್ಲಿ ಎಂದು ಕೇಳುತ್ತಾರೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಜಾಹೀರಾತಿನ ಲೆಕ್ಕದಲ್ಲಿ, ನೀವು ಬದಲಾಯಿಸದಿದ್ದರೆ, ಕ್ಲಿಕ್ ಮಾಡಿ ಏಳು ದಿನದೊಳಗೆ ಕೊಂಡವರೂ ಬರೀ ನೋಡಿ ಒಂದು ದಿನದೊಳಗೆ ಕೊಂಡವರೂ ಸೇರುತ್ತಾರೆ. ಪ್ರತಿ ವರ್ಷ ತಪ್ಪದೆ ಮಿಡಿ ಉಪ್ಪಿನಕಾಯಿ ತರಿಸುವ ಬೆಂಗಳೂರಿನ ನೆಂಟರು ರೀಲ್ ಕಣ್ಣಿಗೆ ಬಿದ್ದ ದಿನವೇ ಆರ್ಡರ್ ಮಾಡಿದ್ದರೆ ಅವರೂ ಜಾಹೀರಾತಿನ ಖಾತೆಗೇ. ಈ ಸಂಖ್ಯೆ ನಿಮ್ಮ ಒಳಗಿನ ಕೆಲಸಕ್ಕಿರಲಿ, ವರದಿಯ ಮೊದಲ ಪುಟದಿಂದ ತೆಗೆಯಿರಿ. ಅದರ ಬದಲು ಜಾಹೀರಾತಿನ ಖರ್ಚು 1.2 ಲಕ್ಷದಿಂದ 2 ಲಕ್ಷಕ್ಕೆ ಏರಿದೆ ಎಂದು ಬರೆಯಿರಿ. ಹೆಚ್ಚಾದ 80 ಸಾವಿರದ ಬಹುಪಾಲು ಜುಲೈ, ಆಗಸ್ಟ್‌ನಲ್ಲೇ ಮುಗಿದಿದೆ. ಆ ಸಮಯದಲ್ಲಿ ಮಾರಾಟ ಹೆಚ್ಚು ಕದಲಿಲ್ಲ. ಬರೆಯುವುದಕ್ಕೆ ಕಷ್ಟ ಅಂತ ಗೊತ್ತು, ಆದರೆ ಈ ವರದಿಯಲ್ಲಿ ಅವರಿಗೆ ಅತ್ಯಂತ ಬೇಕಾದ ಸಾಲು ಅದೇ.

ಹಾಗೆಂದು ರೀಲ್ಸ್ ದಂಡ ಎಂದೂ ಬರೆಯಬೇಡಿ. ಜಾಹೀರಾತು ಇಲ್ಲದಿದ್ದರೆ ಮಾರಾಟ ಇನ್ನೂ ಇಳಿಯುತ್ತಿತ್ತೇನೋ, ಈ ಅಂಕಿಗಳಿಂದ ಅದು ತಿಳಿಯುವುದಿಲ್ಲ. ಮುಂದಿನ ಹೆಜ್ಜೆ ಹುಟ್ಟಬೇಕಾದ್ದು ಇಲ್ಲಿಂದಲೇ. "ಅವೇರ್‌ನೆಸ್ ಬಲಪಡಿಸಲಾಗುವುದು" ಅಂದರೆ ಯಾರು, ಯಾವತ್ತು, ಎಷ್ಟು ದುಡ್ಡಲ್ಲಿ? ಅದಕ್ಕೆ ಅವರು ಹೂಂ ಅನ್ನಬೇಕೋ, ಬೇಡ ಅನ್ನಬೇಕೋ? ನಾನಾದರೆ ಪೂರ್ತಿ ಬರಹವನ್ನು ಹೀಗೆ ತಿದ್ದುತ್ತೇನೆ:

"ಜುಲೈ–ಸೆಪ್ಟೆಂಬರ್ ಆನ್‌ಲೈನ್ ಮಾರಾಟ 20 ಲಕ್ಷ ರೂ. ಗುರಿ 18 ಲಕ್ಷ, ಹೋದ ವರ್ಷ 16 ಲಕ್ಷ. ಹೆಚ್ಚಾದ 4 ಲಕ್ಷದಲ್ಲಿ 3.6 ಲಕ್ಷ ಸೆಪ್ಟೆಂಬರ್ 22ರಿಂದ ಈಚಿನದು. ನವರಾತ್ರಿ ಈ ವರ್ಷ ಬೇಗ ಬಂದದ್ದು ಮುಖ್ಯ ಕಾರಣ. ಹಾಗಾಗಿ ಅಕ್ಟೋಬರ್–ಡಿಸೆಂಬರ್ ಮಾರಾಟ ಹೋದ ವರ್ಷಕ್ಕಿಂತ ಕಡಿಮೆ ಕಾಣಬಹುದು. ಜಾಹೀರಾತಿಗೆ 80 ಸಾವಿರ ಹೆಚ್ಚು ಖರ್ಚಾಗಿದೆ, ಹಬ್ಬದ ಮೊದಲು ಅದರಿಂದ ಮಾರಾಟ ಏರಿದ್ದು ಕಾಣುತ್ತಿಲ್ಲ. ಇದನ್ನು ಪರೀಕ್ಷಿಸಲು ನವೆಂಬರ್ 3ರಿಂದ 30ರವರೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಜಾಹೀರಾತು ನಿಲ್ಲಿಸಿ, ಅಷ್ಟೇ ಆರ್ಡರ್ ಬರುವ ಮೈಸೂರಿನಲ್ಲಿ ಮುಂದುವರಿಸಲು ತಮ್ಮ ಒಪ್ಪಿಗೆ ಬೇಕು. ಹುಬ್ಬಳ್ಳಿಯಲ್ಲಿ ಆರ್ಡರ್ ಮೈಸೂರಿಗಿಂತ ಕಾಲು ಭಾಗದಷ್ಟು ಇಳಿಯದಿದ್ದರೆ ಜನವರಿಯಿಂದ ಖರ್ಚನ್ನು ಮೊದಲಿನ ಮಟ್ಟಕ್ಕೆ ತರುತ್ತೇವೆ."

ಆ "ಕಾಲು ಭಾಗ" ಯಾಕೆಂದರೆ, ಎರಡೂ ಊರಿನಿಂದ ನಿಮಗೆ ವಾರಕ್ಕೆ ಬರುವುದು ಮೂವತ್ತು ನಲವತ್ತು ಆರ್ಡರು. ಅಷ್ಟರಲ್ಲಿ ನಾಲ್ಕೈದು ಹೆಚ್ಚು ಕಡಿಮೆ ಯಾವ ಕಾರಣವೂ ಇಲ್ಲದೆ ಆಗುತ್ತಿರುತ್ತದೆ. ನಾಲ್ಕು ವಾರ ಕೂಡಿಸಿ ನೋಡಬೇಕು, ಎಷ್ಟು ಇಳಿದರೆ ಇಳಿಕೆ ಎಂಬುದನ್ನೂ ಮೊದಲೇ ಬರೆದಿಡಬೇಕು. ಪರೀಕ್ಷೆಯನ್ನು ದೀಪಾವಳಿ ಕಳೆದ ಮೇಲೆ ಇಟ್ಟದ್ದೂ ಹಬ್ಬದ ಆರ್ಡರುಗಳು ಮತ್ತೆ ಬೆರೆಯದಿರಲಿ ಎಂದೇ.

ತಿದ್ದಿದ ಪ್ರತಿ ಕಳಿಸುವಾಗ ಸೆಪ್ಟೆಂಬರ್ 22ರಿಂದ 30ರವರೆಗಿನ ಆರ್ಡರುಗಳಲ್ಲಿ ಎಷ್ಟು ಹಳೆ ಗಿರಾಕಿಗಳದ್ದು, ಎಷ್ಟು ಹೊಸಬರದ್ದು ಎಂದು ಬೇರೆ ಮಾಡಿ ಕಳಿಸಿ. ಹೊಸಬರೇ ಹೆಚ್ಚಿದ್ದರೆ ರೀಲ್ಸ್ ಬಗ್ಗೆ ನಾನು ಮೇಲೆ ಬರೆದ ಸಾಲನ್ನು ಇಬ್ಬರೂ ಕೂತು ಇನ್ನೊಮ್ಮೆ ನೋಡೋಣ.

— ಸಂಪಾದಕ, ಶಿವಮೊಗ್ಗ