ಎಲ್ಲಿಗೂ ಹೋಗದ 'ಹೋಗು'

ಪ್ರಶ್ನೆ: ಇಂಗ್ಲಿಷಿನಲ್ಲಿ 'ಹೋಗು' ಎನ್ನುವ ಕ್ರಿಯಾಪದ ಭವಿಷ್ಯತ್ಕಾಲದ ಗುರುತಾಯಿತು, ಫ್ರೆಂಚಿನಲ್ಲಿ 'ಹೊಂದಿರು' ಎನ್ನುವುದು ಪ್ರತ್ಯಯವೇ ಆಯಿತು ಎಂದು ಓದಿದೆ. ನಮ್ಮ ಕನ್ನಡದಲ್ಲಿ ಇಂಥದ್ದು ನಡೆದಿದೆಯೇ? ನಡೆದಿದ್ದರೆ ನಮ್ಮಂಥ ಸಾಮಾನ್ಯರು ಅದನ್ನು ಗುರುತಿಸುವುದು ಹೇಗೆ?

ನಡೆದಿದೆ. ಅದೂ ನೀವು ಹೇಳಿದ 'ಹೋಗು' ಧಾತುವಿನಲ್ಲೇ ನಡೆದಿದೆ. ಆದರೆ ಇಂಗ್ಲಿಷಿನ 'ಹೋಗು' ಹಿಡಿದ ದಾರಿಯೇ ಬೇರೆ, ನಮ್ಮದು ಹಿಡಿದ ದಾರಿಯೇ ಬೇರೆ.

ನಾನು ಕೊಡಗಿನವನಾದ್ದರಿಂದ ಉದಾಹರಣೆಗೆ ಮಳೆಗಾಲದ ಪತ್ರಿಕೆಯನ್ನೇ ತೆಗೆದುಕೊಳ್ಳುತ್ತೇನೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿತ್ತು. ಅಂಥ ದಿನಗಳಲ್ಲಿ ನಮ್ಮವರ ಬಾಯಲ್ಲೂ ಪತ್ರಿಕೆಯಲ್ಲೂ ಮೂರು ಬಗೆಯ ವಾಕ್ಯಗಳು ಬರುತ್ತವೆ: ಸೇತುವೆ ಕೊಚ್ಚಿಹೋಯಿತು. ಗುಡ್ಡ ಕುಸಿದುಹೋಯಿತು. ರಸ್ತೆ ಮುಚ್ಚಿಹೋಯಿತು.

ಮೂರರಲ್ಲೂ 'ಹೋಯಿತು' ಇದೆ. ಈಗ ಪ್ರತಿಯೊಂದಕ್ಕೂ 'ಎಲ್ಲಿಗೆ?' ಎಂದು ಕೇಳಿ ನೋಡಿ. ಸೇತುವೆ ಎಲ್ಲಿಗೆ ಹೋಯಿತು ಎಂದರೆ ಉತ್ತರ ಉಂಟು: ನೀರಿನ ಜೊತೆ ಕೆಳಗಿನ ತಿರುವಿಗೆ. ಗುಡ್ಡದ ವಿಷಯದಲ್ಲಿ ಉತ್ತರ ಸ್ವಲ್ಪ ಎಳೆದು ತಂದಂತಿರುತ್ತದೆ. ಮಣ್ಣು ಕೆಳಗೆ ಬಂತು ನಿಜ, ಆದರೆ 'ಗುಡ್ಡ ಹೊಳೆಗೆ ಕುಸಿದುಹೋಯಿತು' ಎಂದು ಹೇಳುವಾಗ ಗುಡ್ಡದ ಪ್ರಯಾಣಕ್ಕಿಂತ ಅದು ಇನ್ನಿಲ್ಲವಾಯಿತು ಎಂಬುದೇ ಮನಸ್ಸಿನಲ್ಲಿರುತ್ತದೆ. ರಸ್ತೆಗೆ ಬಂದರೆ ಪ್ರಶ್ನೆಯೇ ಹಾಸ್ಯಾಸ್ಪದ. ರಸ್ತೆ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಮಣ್ಣಿನಡಿ ಬಿದ್ದಿದೆ.

ಒಂದೇ ಧಾತು ಚಲನೆಯಿಂದ ನಷ್ಟಕ್ಕೆ, ನಷ್ಟದಿಂದ 'ನಮ್ಮ ಕೈಮೀರಿ ಆಗಿ ಮುಗಿಯಿತು' ಎಂಬ ಭಾವಕ್ಕೆ ಜಾರಿರುವುದು ಈ ಮೂರು ವಾಕ್ಯಗಳಲ್ಲಿ ಸಾಲಾಗಿ ಕಾಣುತ್ತದೆ. ಜಾರಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಹೋಗುವ ವಸ್ತು ಹೇಳುವವನಿಂದ ದೂರವಾಗುತ್ತದೆ, ದೂರವಾದದ್ದು ಕೈಗೆ ಸಿಗುವುದಿಲ್ಲ. ಅಕಾಲ ಮಳೆಗೆ ಹಣ್ಣಾದ ಕಾಫಿ ಉದುರಿಹೋಯಿತು ಎಂದಾಗ ಹಣ್ಣು ಗಿಡ ಬಿಟ್ಟು ಹೋದದ್ದೂ ಹೌದು, ತೋಟದವನಿಗೆ ನಷ್ಟವಾದದ್ದೂ ಹೌದು. ಇಂಥ ಎರಡೂ ಅರ್ಥ ಹೊಂದುವ ವಾಕ್ಯಗಳನ್ನು ಕೇಳುತ್ತ ಕೇಳುತ್ತ ಎರಡನೆಯ ಅರ್ಥವೇ ಮುಖ್ಯವೆಂದು ಹಿಡಿದವರು ಅದನ್ನು ಚಲನೆಯೇ ಇಲ್ಲದ ಕಡೆಗೂ ಬಳಸುತ್ತಾರೆ: ಹಾಲು ಒಡೆದುಹೋಯಿತು, ಅನ್ನ ಹಳಸಿಹೋಯಿತು, ಬಸ್ಸು ತುಂಬಿಹೋಯಿತು. 'ಮದುವೆ ನಿಶ್ಚಯವಾಗಿಹೋಯಿತು' ಎನ್ನುವಲ್ಲಿ ನಷ್ಟವೂ ಉಳಿದಿಲ್ಲ (ಹುಡುಗನ ಗೆಳೆಯರು ಒಪ್ಪಲಿಕ್ಕಿಲ್ಲ), ಇನ್ನು ಹಿಂದಕ್ಕಿಲ್ಲ ಎಂಬುದಷ್ಟೇ ಉಳಿದಿದೆ.

ಸ್ವಂತ ಅರ್ಥವಿದ್ದ ಪದ ಹೀಗೆ ವ್ಯಾಕರಣದ ಗುರುತಾಗುವುದಕ್ಕೆ ಭಾಷಾವಿಜ್ಞಾನದಲ್ಲಿ ವ್ಯಾಕರಣೀಕರಣ ಎನ್ನುತ್ತಾರೆ. ಈ ಹೆಸರನ್ನು 1912ರಲ್ಲಿ ಚಲಾವಣೆಗೆ ತಂದವರು ಫ್ರಾನ್ಸಿನ ಆಂತ್ವಾನ್ ಮೆಯ್ಯೆ.

ಅರ್ಥ ಸವೆದ ಮಾತ್ರಕ್ಕೆ ವ್ಯಾಕರಣವಾಯಿತು ಎನ್ನಲಾಗದು, ಎಷ್ಟೋ ಪದಗಳ ಅರ್ಥ ಸುಮ್ಮನೆ ಸವೆಯುತ್ತದೆ. ಪದ ಹೊಸ ಅಧಿಕಾರ ಪಡೆದಿದೆಯೇ ಎಂಬುದನ್ನೂ ನೋಡಬೇಕು. 'ಹೋಗು' ಪಡೆದಿರುವ ಅಧಿಕಾರ ಸಣ್ಣದಲ್ಲ. 'ಮರೆ' ಎಂಬ ಕ್ರಿಯಾಪದವನ್ನು ನೋಡಿ. ನಾನು ಅವನ ಹೆಸರನ್ನು ಮರೆತೆ: ಮರೆತವನು ನಾನು, ಕರ್ತೃ ನಾನು. ಅದಕ್ಕೆ 'ಹೋಗು' ಸೇರಿಸಿದ ಕೂಡಲೇ ವಾಕ್ಯದ ಕುರ್ಚಿಗಳೇ ಅದಲುಬದಲಾಗುತ್ತವೆ: ನನಗೆ ಅವನ ಹೆಸರು ಮರೆತುಹೋಯಿತು. 'ನಾನು' ಚತುರ್ಥಿ ವಿಭಕ್ತಿಗೆ ಸರಿದು 'ನನಗೆ' ಆಯಿತು, ಹೆಸರು ಕರ್ತೃವಾಯಿತು, ಕ್ರಿಯಾಪದ ಹೆಸರಿಗೆ ಹೊಂದಿಕೊಂಡು ನಪುಂಸಕಲಿಂಗಕ್ಕೆ ತಿರುಗಿತು. ಅದಕ್ಕೇ ಬಹುಕಾಲ ಸುಳಿಯದ ನೆಂಟರು 'ನಿನಗೆ ನಾನು ಮರೆತುಹೋದೆನೇ?' ಎಂದು ಕೇಳಿದರೆ ಮರೆತವನು ನೀವು, ಮರೆವಿಗೆ ಸಂದವರು ಅವರು.

ಅದೇ ಜಾಗದಲ್ಲಿ 'ಬಿಡು' ಹಾಕಿದರೆ ಹೀಗೆ ಆಗುವುದಿಲ್ಲ. ನಾನು ಮರೆತುಬಿಟ್ಟೆ ಎಂದೇ ಹೇಳಬೇಕು, ಹೊಣೆ ನನ್ನ ಮೇಲೇ ಇರುತ್ತದೆ. ಅಂದರೆ ಈ ಎರಡು ಧಾತುಗಳು ಕೆಲಸ ಹಂಚಿಕೊಂಡಿವೆ: ಮಾಡಿದವನು ಮುಂದಿದ್ದರೆ 'ಬಿಡು', ಆದದ್ದು ಮುಂದಿದ್ದರೆ 'ಹೋಗು'. ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಲೋಟ ಬಿದ್ದ ಸದ್ದು ಕೇಳಿದರೆ ಅಡುಗೆಮನೆಯಿಂದ ಮೊದಲು ಬರುವ ಮಾತು 'ಅಜ್ಜಿ, ಲೋಟ ಒಡೆದುಹೋಯಿತು'. ಒಂದು ಕ್ಷಣ ಬಿಟ್ಟು ಅಕ್ಕನ ಸಾಕ್ಷ್ಯ: 'ಇವನೇ ಒಡೆದುಬಿಟ್ಟ'. ಪ್ರಕರಣ ಒಂದೇ, ಧಾತು 'ಒಡೆ' ಒಂದೇ. ಆರೋಪ ಮತ್ತು ನಿರಾಕರಣೆಯ ವ್ಯತ್ಯಾಸ ಪೂರ್ತಿ ಕೊನೆಯ ಸಹಾಯಕ ಕ್ರಿಯಾಪದದಲ್ಲಿದೆ. 'ಅವನು ಲೋಟ ಒಡೆದು ಹೋದ' ಎಂದರೆ ಮಾತ್ರ ಹಳೆಯ ಅರ್ಥ ಮರಳುತ್ತದೆ, ಒಡೆದು ಜಾಗ ಖಾಲಿ ಮಾಡಿದ ಎಂದಾಗುತ್ತದೆ.

ಗುರುತಿಸುವುದು ಹೇಗೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. 'ನೆಂಟರು ಬಂದುಹೋದರು' ಎಂಬುದನ್ನು ಅನೇಕರು ಈ ಗುಂಪಿಗೇ ಸೇರಿಸುತ್ತಾರೆ. ಸೇರಿಸಬಾರದು. ನಡುವೆ ಇನ್ನೊಂದು ಮಾತು ತುರುಕಿ ನೋಡಿ: ನೆಂಟರು ಬಂದು, ಊಟ ಮಾಡಿ, ಮೈಸೂರಿಗೆ ಹೋದರು. ವಾಕ್ಯ ಕೆಡಲಿಲ್ಲ, ಅಲ್ಲಿರುವುದು ಎರಡು ಕ್ರಿಯೆ. 'ರಸ್ತೆ ಮುಚ್ಚಿ ಮೈಸೂರಿಗೆ ಹೋಯಿತು' ಎಂದರೆ ಕೇಳಿದವರು ನಗುತ್ತಾರೆ. ವಿಧಿರೂಪದಲ್ಲೂ ವ್ಯತ್ಯಾಸ ಕಾಣುತ್ತದೆ. 'ಬಂದುಹೋಗು' ಎಂದು ನೆಂಟರನ್ನು ಕರೆಯಬಹುದು. 'ಹಾಳಾಗಿಹೋಗು' ಎಂಬುದು ಶಾಪ ಮಾತ್ರ, ಏಕೆಂದರೆ ಈ 'ಹೋಗು' ಸೇರಿದ ಕ್ರಿಯೆ ಯಾರ ಇಚ್ಛೆಗೂ ಒಳಪಟ್ಟದ್ದಲ್ಲ, ಅದನ್ನು ಮಾಡೆಂದು ಯಾರಿಗೂ ಆಜ್ಞಾಪಿಸಲಾಗದು.

ಇನ್ನೊಂದು ಗಟ್ಟಿ ಸಾಕ್ಷಿ, ಒಂದೇ ಧಾತು ತನ್ನ ಪಕ್ಕದಲ್ಲೇ ತಾನು ನಿಲ್ಲಬಲ್ಲದೇ ಎಂಬುದು. ಹೊಗೆಸೊಪ್ಪನ್ನು ಬಿಟ್ಟುಬಿಟ್ಟ. ಹೊಸ ಛತ್ರಿ ಕೊಂಡುಕೊಂಡೆ. ಮೊದಲನೆಯ 'ಬಿಟ್ಟು', 'ಕೊಂಡು' ನಿಘಂಟಿನ ಪದಗಳು; ಎರಡನೆಯವು ವ್ಯಾಕರಣಕ್ಕೆ ಸಂದವು. ಹಳೆಯ ಪದ ಸಾಯದೆ ಹೊಸ ಕೆಲಸದ ತುಣುಕು ಅದರಿಂದ ಕವಲೊಡೆದಿದೆ.

ಹಾಗೆಂದು 'ಹೋಗು' ಪೂರ್ತಿ ಪ್ರತ್ಯಯವಾಗಿಲ್ಲ. 'ಮರೆತೇ ಹೋಯಿತು' ಎನ್ನುವಾಗ ಅವಧಾರಣೆಯ 'ಏ' ನಡುವೆ ನುಸುಳುತ್ತದೆ. ಅಪ್ಪಟ ಪ್ರತ್ಯಯ ಅಷ್ಟು ಜಾಗ ಕೊಡುವುದಿಲ್ಲ. 'ಮನೆಯಲ್ಲಿ' ಎಂಬುದನ್ನು ನಡುವೆ ಸೀಳಿ 'ಏ' ಇಡಲಾಗದು. ಮಾತಿನಲ್ಲಿ ಮಾತ್ರ ಬೆಸುಗೆ ಬಿಗಿಯಾಗುತ್ತಿದೆ. 'ಬಸ್ ಹೋಯ್ತು' ಎನ್ನುವಾಗ ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವವರೂ 'ಮರ್ತೋಯ್ತು' ಎನ್ನುವಾಗ ಅದನ್ನು ನುಂಗುತ್ತಾರೆ. ವ್ಯಾಕರಣಕ್ಕೆ ಸೇರಿದ ತುಣುಕು ಮೊದಲು ಕಳೆದುಕೊಳ್ಳುವುದು ಇಂಥ ಧ್ವನಿಗಳನ್ನೇ.

ಫ್ರೆಂಚಿನ 'ಹೊಂದಿರು' ಬಗ್ಗೆ ಚುಟುಕಾಗಿ ಹೇಳುತ್ತೇನೆ. ಲ್ಯಾಟಿನ್ನಿನ 'ಕಾಂತಾರೆ ಹಾಬೆಯೋ', ಅಂದರೆ 'ನನಗೆ ಹಾಡುವುದಿದೆ' ಎಂಬುದು ಸವೆದು ಬೆಸೆದು ಫ್ರೆಂಚಿನ 'ಶಾಂತರೇ', 'ಹಾಡುವೆನು' ಆಯಿತು. ಕನ್ನಡಕ್ಕೆ ಅಂಥ ಒಡೆತನದ ಧಾತು ಬೇಕಾಗಲಿಲ್ಲ, ನಮ್ಮ 'ಇರು' ಆ ಕೆಲಸ ಮಾಡುತ್ತದೆ. 'ನಾಳೆ ನನಗೆ ಕುಶಾಲನಗರಕ್ಕೆ ಹೋಗುವುದಿದೆ' ಎನ್ನುವವರು ಲ್ಯಾಟಿನ್ನಿನವರು ಹೊರಟ ಜಾಗದಲ್ಲೇ ನಿಂತಿದ್ದಾರೆ.

ಇನ್ನು ಭವಿಷ್ಯತ್ಕಾಲ. ಇದರಲ್ಲಿ ಕೊಡಗಿನವರಿಗೊಂದು ಅನುಕೂಲ ಉಂಟು: ತೋಟದಲ್ಲೂ ಸಂತೆಯಲ್ಲೂ ಕನ್ನಡ, ಕೊಡವ ತಕ್ಕ್ ಜೊತೆಗೆ ತಮಿಳು, ಮಲಯಾಳ ಕಿವಿಗೆ ಬೀಳುತ್ತಲೇ ಇರುತ್ತವೆ. ಕೈಮೀರಿ ಆದದ್ದಕ್ಕೆ 'ಹೋಗು' ಬಳಸುವುದರಲ್ಲಿ ಇವರೂ ನಮ್ಮಂತೆಯೇ. ತಮಿಳಿನವರು 'ಮರಂದು ಪೋಚ್ಚು' ಎನ್ನುತ್ತಾರೆ, ಮಲಯಾಳದವರು 'ಮರನ್ನು ಪೋಯಿ' ಎನ್ನುತ್ತಾರೆ. ಇವರ 'ಪೋ' ನಮ್ಮ ಹಳಗನ್ನಡದ 'ಪೋಗು' ಧಾತುವಿನ ಬಳಗವೇ, ನಮ್ಮಲ್ಲಿ ಪಕಾರ ಹಕಾರವಾಯಿತು ಅಷ್ಟೆ. ಆದರೆ ಮೋಡ ಕವಿದಾಗ ತಮಿಳಿನವರು 'ಮಳೈ ಪೆಯ್ಯಪ್ಪೋಗುದು' ಎನ್ನುತ್ತಾರೆ, ಮಲಯಾಳದವರು 'ಮಳ ಪೆಯ್ಯಾನ್ ಪೋಗುನ್ನು' ಎನ್ನುತ್ತಾರೆ. ಅಕ್ಷರಶಃ 'ಮಳೆ ಸುರಿಯಲು ಹೋಗುತ್ತಿದೆ'. ನಾವು ಹಾಗೆನ್ನುವುದಿಲ್ಲ, 'ಮಳೆ ಬರುವ ಹಾಗಿದೆ' ಎನ್ನುತ್ತೇವೆ.

ಮಳೆಯನ್ನೇ ಪರೀಕ್ಷೆಗೆ ಇಡುವುದಕ್ಕೆ ಕಾರಣವಿದೆ. ಮನುಷ್ಯ ಏನನ್ನೋ ಮಾಡಲು ಹೋಗುತ್ತಿದ್ದಾನೆ ಎಂದರೆ ಅಲ್ಲಿ ನಡಿಗೆಯೂ ಇರಬಹುದು, ಉದ್ದೇಶವೂ ಇರಬಹುದು. ಮಳೆಗೆ ಕಾಲೂ ಇಲ್ಲ, ಉದ್ದೇಶವೂ ಇಲ್ಲ. ಆದ್ದರಿಂದ ಮಳೆಯ ಜೊತೆ 'ಹೋಗು' ಒಗ್ಗಿದರೆ ಅದು ಅಪ್ಪಟ ಕಾಲಸೂಚಕವಾಗಿದೆ ಎಂದೇ ಲೆಕ್ಕ. 'ಇಟ್ ಈಸ್ ಗೋಯಿಂಗ್ ಟು ರೇನ್' ಎನ್ನುವ ಇಂಗ್ಲಿಷ್, ಜೊತೆಗೆ ತಮಿಳು, ಮಲಯಾಳ ಮೂರೂ ಈ ಪರೀಕ್ಷೆ ದಾಟಿವೆ.

ಕನ್ನಡದ 'ಹೋಗು' ಇದೇ ದಾರಿಯಲ್ಲಿ ಹೊರಟು ಅರ್ಧದಲ್ಲಿ ಬೇರೆ ಕಡೆ ತಿರುಗಿತು. 'ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ' ಎಂಬ ಗಾದೆಯಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ಅಲ್ಲಿ ಉದ್ದೇಶವಿದೆ, ಪ್ರಯತ್ನವಿದೆ, ಜೊತೆಗೆ ಪ್ರಯತ್ನ ಕೈಕೊಟ್ಟಿತೆಂಬ ಸೂಚನೆಯಿದೆ. 'ಅವನಿಗೆ ಬುದ್ಧಿ ಹೇಳಲು ಹೋಗಬೇಡ' ಎಂಬಲ್ಲೂ ಅಷ್ಟೆ. ಕೈಗೂಡುವ ಭವಿಷ್ಯಕ್ಕೆ ಇಷ್ಟು ಅಪಶಕುನದ ಪದ ಒದಗುವುದು ಕಷ್ಟ.

ಆ ಖಾಲಿ ಜಾಗಕ್ಕೆ ಬಂದದ್ದು 'ಹೊರಡು'. 'ನಾನು ಹೇಳಹೊರಟಿದ್ದು ಅದಲ್ಲ' ಎನ್ನುವವನು ಕುರ್ಚಿಯಿಂದ ಎದ್ದಿರುವುದೂ ಇಲ್ಲ. 'ಸರ್ಕಾರ ಹೊಸ ಕಾನೂನು ತರಲು ಹೊರಟಿದೆ' ಎಂದು ಪತ್ರಿಕೆಗಳು ಬರೆಯುತ್ತವೆ. ಸರ್ಕಾರಕ್ಕೆ ಕಾಲಿಲ್ಲ, ಆದರೆ ಉದ್ದೇಶವಿದೆ ಎಂದು ನಾವು ನಂಬುತ್ತೇವೆ, ಹಾಗಾಗಿ ವಾಕ್ಯ ನಿಲ್ಲುತ್ತದೆ. 'ಮಳೆ ಸುರಿಯಲು ಹೊರಟಿದೆ' ಎಂಬುದು ಇಂದಿಗೆ ಕವಿತೆಯಲ್ಲಿ ಒಪ್ಪೀತು, ಅಂಗಡಿ ಜಗಲಿಯ ಮಾತಿನಲ್ಲಿ ಒಪ್ಪದು. ನಡೆಯುತ್ತಿರುವಾಗಲೇ ಹಿಡಿಯಬೇಕೆಂಬ ಆಸೆ ನಿಮಗಿದ್ದರೆ 'ಹೊರಟಿದೆ' ಎಂಬುದರ ಮೇಲೆ ಕಣ್ಣಿಡಿ. ಅದರ ಹಿಂದೆ ಮಳೆ, ಜ್ವರ, ಕಾಳುಮೆಣಸಿನ ಬೆಲೆಯಂಥ ಇಚ್ಛೆಯಿಲ್ಲದ ಕರ್ತೃಗಳು ಸಾಮಾನ್ಯ ಮಾತಿನಲ್ಲಿ ಬಂದರೆ ಆ ವಾಕ್ಯವನ್ನೂ ಕೇಳಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.